ಇಪ್ಪತ್ತು ಅಕ್ಷರ, ಒಂದು ಪ್ರೋಟೀನ್, ಎರಡು ಸಾಕ್ಷಿ

ನಮ್ಮ ಆರನೇ ಕ್ರೋಮೋಸೋಮಿನಲ್ಲಿ ಪಿ21 ಎಂಬ ಜೀನ್ ಇದೆ. ಆ ಜೀನ್ ಆರಂಭವಾಗುವ ಜಾಗಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳಷ್ಟು ಮುಂಚೆ, ಡಿಎನ್‌ಎಯ ಉದ್ದನೆಯ ಸಾಲಿನಲ್ಲಿ ಈ ಇಪ್ಪತ್ತು ಅಕ್ಷರಗಳು ಸಿಗುತ್ತವೆ:

```
GAACATGTCC CAACATGTTG
```

ನಡುವಿನ ತೆರಪು ಓದುವ ಅನುಕೂಲಕ್ಕೆ ಬಿಟ್ಟದ್ದು. ಡಿಎನ್‌ಎಯಲ್ಲಿ ಅಂಥ ತೆರಪಿಲ್ಲ. ಎಡಗಡೆಯ ಹತ್ತು ಮತ್ತು ಬಲಗಡೆಯ ಹತ್ತು ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡರ ಹೊಟ್ಟೆಯಲ್ಲೂ CATG ಎಂಬ ಒಂದೇ ತುಣುಕು ಕಾಣುತ್ತದೆ. ಪಿ53 ಎಂಬ ಪ್ರೋಟೀನ್ ಹಿಡಿಯುವುದು ಈ ಗುರುತನ್ನೇ. ವಿಕಿರಣದಿಂದಲೋ ಔಷಧದಿಂದಲೋ ಕೋಶದ ಡಿಎನ್‌ಎ ತುಂಡಾದಾಗ ಪಿ53 ಹೆಚ್ಚುತ್ತದೆ, ಈ ಗುರುತಿಗೆ ಬಂದು ಅಂಟುತ್ತದೆ, ಪಿ21 ಜೀನ್ ಕೆಲಸ ಶುರು ಮಾಡುತ್ತದೆ. ಅದರಿಂದ ತಯಾರಾಗುವ ಪಿ21 ಪ್ರೋಟೀನ್ ಕೋಶ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. ಹಾನಿಯನ್ನು ಸರಿಪಡಿಸಿಕೊಳ್ಳಲು ಕೋಶಕ್ಕೆ ಸಮಯ ಸಿಗುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ, ಮತ್ತು ಆ ಕೆಡುಕುಗಳಲ್ಲಿ ಹೆಚ್ಚಿನವು ಇರುವುದು ಡಿಎನ್‌ಎಯನ್ನು ಹಿಡಿಯುವ ಭಾಗದಲ್ಲೇ.

ಇದೆಲ್ಲ ಇವತ್ತು ಪಠ್ಯಪುಸ್ತಕದ ಮಾತು. ಆದರೆ ಕಣ್ಣಿಗೆ ಕಾಣದ ಒಂದು ಪ್ರೋಟೀನ್, ಮುನ್ನೂರು ಕೋಟಿ ಅಕ್ಷರಗಳ ನಡುವೆ ಇದೇ ಇಪ್ಪತ್ತಕ್ಕೆ ಅಂಟುತ್ತದೆ ಎಂದು ಹೇಳುವುದಾದರೂ ಹೇಗೆ? ಕೋಶದಲ್ಲಿ ಪಿ53 ಹೆಚ್ಚಾದಾಗ ಪಿ21 ಕೂಡ ಹೆಚ್ಚಾಯಿತು ಎಂದರೆ ಸಾಲದು. ಪಿ53 ಬೇರೆ ಯಾವುದೋ ಜೀನನ್ನು ಚಾಲೂ ಮಾಡಿ, ಆ ಜೀನಿನ ಪ್ರೋಟೀನು ಪಿ21ನ್ನು ಎಬ್ಬಿಸಿರಬಹುದು. ನೇರವಾಗಿ ಅಂಟಿದೆ ಎನ್ನಲು ಬೇರೆಯೇ ಸಾಕ್ಷಿ ಬೇಕು. ಜೀವವಿಜ್ಞಾನಿಗಳು ಅದಕ್ಕಾಗಿ ಮುಖ್ಯವಾಗಿ ಎರಡು ಪರೀಕ್ಷೆಗಳನ್ನು ನೆಚ್ಚುತ್ತಾರೆ. ಒಂದು ಜೆಲ್ ಶಿಫ್ಟ್. ಇನ್ನೊಂದು ಕ್ರೋಮ್ಯಾಟಿನ್ ಇಮ್ಯುನೊಪ್ರೆಸಿಪಿಟೇಶನ್. ಪ್ರಯೋಗಾಲಯದಲ್ಲಿ ಎಲ್ಲರೂ ಚುಟುಕಾಗಿ ಚಿಪ್ ಎನ್ನುತ್ತಾರೆ. ಇವೆರಡೂ ಕೇಳುವ ಪ್ರಶ್ನೆ ಒಂದೇ ಅಲ್ಲ. ಪಿ53 ವಿಷಯದಲ್ಲಿ ಒಂದು ಕಾಲದಲ್ಲಿ ಇವು ಕೊಟ್ಟ ಉತ್ತರಗಳೂ ಒಂದಕ್ಕೊಂದು ಹೊಂದಲಿಲ್ಲ. ಆ ಹೊಂದಾಣಿಕೆಯಾಗದ ಕಥೆಯಿಂದಲೇ ಎರಡೂ ವಿಧಾನಗಳು ಚೆನ್ನಾಗಿ ಅರ್ಥವಾಗುತ್ತವೆ.

ಜೆಲ್ ಶಿಫ್ಟ್‌ನ ಹಿಂದಿನ ಯೋಚನೆ ತೀರಾ ಸರಳ. ಡಿಎನ್‌ಎಗೆ ಋಣ ವಿದ್ಯುದಂಶವಿದೆ. ಜೆಲ್ಲಿನಲ್ಲಿಟ್ಟು ಕರೆಂಟ್ ಹಾಯಿಸಿದರೆ ಅದು ಧನ ತುದಿಯ ಕಡೆಗೆ ಹರಿಯುತ್ತದೆ. ಜೆಲ್ ಎಂದರೆ ಸೂಕ್ಷ್ಮ ರಂಧ್ರಗಳ ಬಲೆ. ಚಿಕ್ಕ ತುಂಡು ಬೇಗ ನುಸುಳುತ್ತದೆ, ದೊಡ್ಡದು ನಿಧಾನ. ಸಂತೆಯ ಜಂಗುಳಿಯಲ್ಲಿ ಕೈಬೀಸಿಕೊಂಡು ಹೋಗುವವನು ಸಲೀಸಾಗಿ ದಾಟುತ್ತಾನೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವನು ಹಿಂದೆ ಬೀಳುತ್ತಾನೆ. ಇಲ್ಲಿ ಹೊರೆ ಪ್ರೋಟೀನಿನದು. ಇಪ್ಪತ್ತಾರು ಅಕ್ಷರ ಜೋಡಿಗಳ ಡಿಎನ್‌ಎ ತುಂಡಿನ ತೂಕ ಸುಮಾರು 17 ಸಾವಿರ ಡಾಲ್ಟನ್. ಪಿ53 ಒಂಟಿಯಾಗಿ ಬಂದು ಅಂಟುವುದಿಲ್ಲ, ನಾಲ್ಕು ಸೇರಿ ಒಂದಾಗಿ ಅಂಟುತ್ತದೆ. ಆ ನಾಲ್ಕರ ಗುಂಪಿನ ತೂಕ ಸುಮಾರು 1,75,000 ಡಾಲ್ಟನ್. ಅಷ್ಟು ಭಾರ ಹೊತ್ತ ಡಿಎನ್‌ಎ ಜೆಲ್ಲಿನಲ್ಲಿ ತುಂಬಾ ಮೇಲೆಯೇ ಉಳಿದುಬಿಡುತ್ತದೆ. ಡಿಎನ್‌ಎಯ ಪಟ್ಟಿ ತನ್ನ ಜಾಗ ಬಿಟ್ಟು ಮೇಲೆ ಸರಿದು ಕಾಣುವುದರಿಂದಲೇ ಈ ಪರೀಕ್ಷೆಗೆ ಶಿಫ್ಟ್ ಎಂಬ ಹೆಸರು.

1981ರಲ್ಲಿ ಅಮೆರಿಕದ ಎರಡು ತಂಡಗಳು ಪ್ರತ್ಯೇಕವಾಗಿ ಈ ವಿಧಾನವನ್ನು ಪ್ರಕಟಿಸಿದವು: ಮಾರ್ಕ್ ಗಾರ್ನರ್ ಮತ್ತು ಆರ್ನಾಲ್ಡ್ ರೆವ್ಜಿನ್ ಅವರದೊಂದು, ಮೈಕೆಲ್ ಫ್ರೀಡ್ ಮತ್ತು ಡೊನಾಲ್ಡ್ ಕ್ರೋದರ್ಸ್ ಅವರದಿನ್ನೊಂದು. ಅವರು ಬಳಸಿದ್ದು ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಜೀನ್‌ಗಳ ಡಿಎನ್‌ಎಯನ್ನೂ ಅದನ್ನು ನಿಯಂತ್ರಿಸುವ ಪ್ರೋಟೀನ್‌ಗಳನ್ನೂ. ಮುಂದಿನ ದಶಕದಲ್ಲಿ ಮನುಷ್ಯನ ಜೀನ್‌ಗಳನ್ನು ಅಭ್ಯಸಿಸುವ ಪ್ರಯೋಗಾಲಯಗಳಿಗೆಲ್ಲ ಇದು ನಿತ್ಯದ ಕೆಲಸವಾಯಿತು.

ಪಿ21ರ ಗುರುತಿನ ಮೇಲೆ ಇದನ್ನು ಮಾಡುವ ಬಗೆ ಹೀಗೆ. ಇಪ್ಪತ್ತು ಅಕ್ಷರಗಳಿಗೆ ಎರಡೂ ಬದಿಯಲ್ಲಿ ಒಂದೆರಡು ಅಕ್ಷರ ಸೇರಿಸಿ ಪುಟ್ಟ ಡಿಎನ್‌ಎ ತುಂಡನ್ನು ಕೃತಕವಾಗಿ ತಯಾರಿಸುತ್ತಾರೆ. ಅದರ ತುದಿಗೆ ವಿಕಿರಣಶೀಲ ಫಾಸ್ಫರಸ್-32 ಅಂಟಿಸುತ್ತಾರೆ. ಈಗ ಅನೇಕ ಕಡೆ ಹೊಳೆಯುವ ಬಣ್ಣವನ್ನೋ ಬಯೋಟಿನ್ನನ್ನೋ ಹಚ್ಚುತ್ತಾರೆ. ಇನ್ನೊಂದೆಡೆ ಜೀವಕೋಶಗಳನ್ನು ಒಡೆದು, ಕೋಶಕೇಂದ್ರದ ಪ್ರೋಟೀನ್‌ಗಳನ್ನೆಲ್ಲ ಉಪ್ಪುನೀರಿನಲ್ಲಿ ಎಳೆದು ತೆಗೆದಿರುತ್ತಾರೆ. ಈ ಸಾರದ ಐದೋ ಹತ್ತೋ ಮೈಕ್ರೋಗ್ರಾಂ, ಗುರುತು ಹಚ್ಚಿದ ಡಿಎನ್‌ಎಯ ಅತಿ ಕೊಂಚ ಪಾಲು, ಎರಡನ್ನೂ ಇಪ್ಪತ್ತು ಮೈಕ್ರೋಲೀಟರ್ ದ್ರಾವಣದಲ್ಲಿ ಬೆರೆಸಿ ಇಪ್ಪತ್ತು–ಮೂವತ್ತು ನಿಮಿಷ ಬಿಡುತ್ತಾರೆ. ಆಮೇಲೆ ನಾಲ್ಕರಿಂದ ಆರು ಶೇಕಡಾದ ಪಾಲಿಅಕ್ರಿಲಮೈಡ್ ಜೆಲ್ಲಿನಲ್ಲಿ, ಸಾಮಾನ್ಯವಾಗಿ ತಂಪು ಕೋಣೆಯಲ್ಲಿ, ಓಡಿಸುತ್ತಾರೆ. ಪ್ರೋಟೀನ್ ಅಳೆಯುವ ಮಾಮೂಲಿ ಜೆಲ್‌ಗಳಲ್ಲಿ ಇರುವ ಸೋಪಿನಂಥ ರಾಸಾಯನಿಕ ಇಲ್ಲಿ ಇರಲೇಬಾರದು. ಇದ್ದರೆ ಪ್ರೋಟೀನ್ ತನ್ನ ಆಕಾರ ಕಳೆದುಕೊಂಡು ಹಿಡಿತ ಬಿಡುತ್ತದೆ. ಜೆಲ್ ಒಣಗಿಸಿ ಎಕ್ಸ್-ರೇ ಫಿಲ್ಮಿನ ಮೇಲಿಟ್ಟರೆ ಕೆಳಗೆ ದಪ್ಪನೆಯ ಕಪ್ಪು ಪಟ್ಟಿ, ಅದು ಒಂಟಿ ಡಿಎನ್‌ಎ. ಮೇಲೆ ತೆಳುವಾದ ಇನ್ನೊಂದು ಪಟ್ಟಿ, ಅದು ಏನನ್ನೋ ಹೊತ್ತಿರುವ ಡಿಎನ್‌ಎ.

ಏನನ್ನೋ ಎಂದೆ, ಏಕೆಂದರೆ ಇಲ್ಲಿಯವರೆಗೆ ಗೊತ್ತಾಗಿರುವುದು ಅಷ್ಟೇ. ಕೋಶಕೇಂದ್ರದ ಸಾರದಲ್ಲಿ ಸಾವಿರಾರು ಪ್ರೋಟೀನ್‌ಗಳಿವೆ. ಅವುಗಳಲ್ಲಿ ಎಷ್ಟೋ, ಅಕ್ಷರ ಯಾವುದಾದರೇನು, ಡಿಎನ್‌ಎ ಕಂಡರೆ ಸಾಕು ಅಂಟುವಂಥವು. ಅವುಗಳನ್ನು ಬೇರೆಡೆ ಸೆಳೆದಿಡಲು ಮಿಶ್ರಣಕ್ಕೆ ಪಾಲಿ ಡಿಐ-ಡಿಸಿ ಎಂಬ ಅರ್ಥವಿಲ್ಲದ ಕೃತಕ ಡಿಎನ್‌ಎಯನ್ನು, ಗುರುತು ಹಚ್ಚದೆ, ಧಾರಾಳವಾಗಿ ಸುರಿಯುತ್ತಾರೆ. ಈ ಸುರಿದ ಡಿಎನ್‌ಎಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ದೊಡ್ಡ ಪಾತ್ರ ವಹಿಸುತ್ತದೆ.

ಅಷ್ಟಾದ ಮೇಲೂ ಪಟ್ಟಿಯ ನಿಜವಾದ ಪರೀಕ್ಷೆ ಬಾಕಿ. ಮೊದಲು, ಗುರುತು ಹಚ್ಚದ ಅದೇ ಇಪ್ಪತ್ತು ಅಕ್ಷರಗಳ ತುಂಡನ್ನು ಐವತ್ತು ಅಥವಾ ನೂರು ಪಟ್ಟು ಹೆಚ್ಚು ಬೆರೆಸುತ್ತಾರೆ. ಪ್ರೋಟೀನ್ ಈಗ ಬಹುಪಾಲು ಇದಕ್ಕೇ ಅಂಟುತ್ತದೆ, ಇದು ಫಿಲ್ಮಿನಲ್ಲಿ ಕಾಣದು, ಹಾಗಾಗಿ ಮೇಲಿನ ಪಟ್ಟಿ ಮಾಯವಾಗಬೇಕು. ಆದರೆ ಇದು ಮುಕ್ಕಾಲು ಸಾಕ್ಷಿಯೂ ಅಲ್ಲ. ಅಕ್ಷರ ನೋಡದೆ ಅಂಟುವ ಪ್ರೋಟೀನೂ ಹೀಗೆಯೇ ನಡೆದುಕೊಳ್ಳುತ್ತದೆ. ತೀರ್ಮಾನವಾಗುವುದು ಪಕ್ಕದ ಕೊಳವೆಯಲ್ಲಿ. ಅಲ್ಲಿಯೂ ಅಷ್ಟೇ ಪ್ರಮಾಣದ ಗುರುತಿಲ್ಲದ ತುಂಡು ಹಾಕುತ್ತಾರೆ, ಆದರೆ ಕೆಲವೇ ಅಕ್ಷರ ಬದಲಿಸಿ. ಪಿ53ಗೆ CATGಯ C ಮತ್ತು G ಇಲ್ಲದೆ ಆಗದು. ಉದಾಹರಣೆಗೆ ಅವನ್ನು ಕೆಡಿಸಿ ಹೀಗೆ ಬರೆಯಬಹುದು:

```
GAAAATTTCC CAAAATTTTG
```

ಇಪ್ಪತ್ತರಲ್ಲಿ ಬದಲಾದದ್ದು ನಾಲ್ಕೇ ಅಕ್ಷರ. ಈ ಕೆಟ್ಟ ತುಂಡನ್ನು ನೂರು ಪಟ್ಟು ಹಾಕಿದರೂ ಪಟ್ಟಿ ಜಗ್ಗದೆ ನಿಂತರೆ, ಅಲ್ಲಿ ಅಂಟಿರುವ ಪ್ರೋಟೀನ್ ಆ ನಾಲ್ಕು ಅಕ್ಷರಗಳನ್ನು ಓದುತ್ತಿದೆ ಎಂದಾಯಿತು. ಇಡೀ ವಿಧಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಈ ಎರಡು ಕೊಳವೆಗಳ ಜೋಡಿ. ಇವೆರಡೂ ಇಲ್ಲದ ಜೆಲ್ ಶಿಫ್ಟ್ ಚಿತ್ರವನ್ನು ನಾನು ಸಾಕ್ಷಿಯೆಂದು ಒಪ್ಪಲಾರೆ.

ಅಂಟಿದ್ದು ಪಿ53ಯೇ ಎಂದು ತಿಳಿಯುವುದು ಪ್ರತಿಕಾಯದಿಂದ. ಪಿ53ಯನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಬೆರೆಸಿದರೆ ಅದು ಪ್ರೋಟೀನಿನ ಮೇಲೆ ಕುಳಿತು ಭಾರ ಇನ್ನೂ ಹೆಚ್ಚಾಗುತ್ತದೆ, ಪಟ್ಟಿ ಇನ್ನಷ್ಟು ಮೇಲೆ ಸರಿಯುತ್ತದೆ. ಇದಕ್ಕೆ ಸೂಪರ್‌ಶಿಫ್ಟ್ ಎನ್ನುತ್ತಾರೆ. ಕೆಲವೊಮ್ಮೆ ಪ್ರತಿಕಾಯ ಕೂರುವ ಜಾಗವೇ ಡಿಎನ್‌ಎ ಹಿಡಿಯುವ ಜಾಗವಾಗಿದ್ದು, ಪಟ್ಟಿ ಮೇಲೆ ಸರಿಯುವ ಬದಲು ಅಳಿಸಿಹೋಗುತ್ತದೆ. ಎರಡೂ ಸಾಕ್ಷಿಯೇ, ಸಂಬಂಧವಿಲ್ಲದ ಬೇರೊಂದು ಪ್ರತಿಕಾಯ ಹಾಕಿದಾಗ ಏನೂ ಆಗಲಿಲ್ಲ ಎಂದು ತೋರಿಸಿದ್ದರೆ.

ಕೈಕೊಡುವ ಜಾಗಗಳೂ ಇವೆ. ಪಟ್ಟಿ ಚೊಕ್ಕವಾಗಿ ಕಾಣದೆ ಮೇಲಿಂದ ಕೆಳಕ್ಕೆ ಉದ್ದನೆಯ ಕಲೆಯಂತೆ ಹರಡಿದ್ದರೆ, ಜೆಲ್ ಓಡುತ್ತಿರುವಾಗಲೇ ಪ್ರೋಟೀನ್ ಕಳಚಿಕೊಳ್ಳುತ್ತಿದೆ ಎಂದರ್ಥ. ಜೆಲ್ ಬಿಸಿಯಾಗಿರಬಹುದು, ಉಪ್ಪು ಹೆಚ್ಚಿರಬಹುದು. ಗುರುತು ಹಚ್ಚಿದ ಡಿಎನ್‌ಎಯೆಲ್ಲ ಬಾವಿಯಲ್ಲೇ, ಅಂದರೆ ಮಿಶ್ರಣ ಸುರಿದ ಗುಂಡಿಯಲ್ಲೇ, ಕೂತುಬಿಟ್ಟಿದ್ದರೆ ಪ್ರೋಟೀನ್ ಸಾರ ಅತಿಯಾಗಿದೆ ಅಥವಾ ಅರ್ಥವಿಲ್ಲದ ಡಿಎನ್‌ಎ ಸಾಲದು. ಅದನ್ನು ಹೆಚ್ಚು ಹಾಕುತ್ತ ಹೋದರೆ ಬೇಕಾದ ಪಟ್ಟಿಯೂ ತೆಳುವಾಗುತ್ತದೆ. ಪ್ರತಿ ಹೊಸ ಪ್ರೋಟೀನಿಗೂ ಈ ಪ್ರಮಾಣವನ್ನು ಮೊದಲಿಂದ ಹದ ಮಾಡಿಕೊಳ್ಳಬೇಕು.

ಹದ ಎಂಬ ಈ ಸಂಗತಿಯಲ್ಲೇ ಪಿ53ಯ ಕಥೆ ಸಿಕ್ಕಿಹಾಕಿಕೊಂಡಿತು.

1992ರಲ್ಲಿ ಬ್ರಿಟನ್ನಿನ ಟೆಡ್ ಹಪ್, ಡೇವಿಡ್ ಲೇನ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ವರದಿ ಮಾಡಿದರು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪೂರ್ಣ ಪಿ53 ಜೆಲ್ ಶಿಫ್ಟ್‌ನಲ್ಲಿ ಡಿಎನ್‌ಎಗೆ ಸರಿಯಾಗಿ ಅಂಟುವುದಿಲ್ಲ. ಆದರೆ ಪ್ರೋಟೀನಿನ ಬಾಲದ ಭಾಗಕ್ಕೆ ಅಂಟುವ ಪಿಎಬಿ421 ಎಂಬ ಪ್ರತಿಕಾಯ ಸೇರಿಸಿದರೆ ಗಟ್ಟಿಯಾಗಿ ಅಂಟುತ್ತದೆ. ಬಾಲದ ಮೂವತ್ತು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕಿದರೂ ಅಂಟುತ್ತದೆ. ಪ್ರತಿಕಾಯ ಇಲ್ಲಿ ಪಟ್ಟಿಯನ್ನು ಮೇಲೆ ಸರಿಸುವುದಷ್ಟೇ ಅಲ್ಲ, ಇಲ್ಲದ ಪಟ್ಟಿಯನ್ನು ಹುಟ್ಟಿಸುತ್ತಲೂ ಇತ್ತು. ಇದರಿಂದ ಬೆಳೆದ ವಿವರಣೆ ಸೊಗಸಾಗಿತ್ತು: ಪಿ53 ಮಾಮೂಲಿ ಕೋಶದಲ್ಲಿ ಸುಪ್ತ ಸ್ಥಿತಿಯಲ್ಲಿರುತ್ತದೆ, ಅದರ ಬಾಲವೇ ಅದರ ಕೈಯನ್ನು ಕಟ್ಟಿಹಾಕಿರುತ್ತದೆ, ಡಿಎನ್‌ಎಗೆ ಹಾನಿಯಾದಾಗ ಬಾಲದ ಮೇಲೆ ರಾಸಾಯನಿಕ ಬದಲಾವಣೆಗಳಾಗಿ ಕಟ್ಟು ಬಿಚ್ಚುತ್ತದೆ. ಹತ್ತು ವರ್ಷ ಈ ಮಾತು ಚಲಾವಣೆಯಲ್ಲಿತ್ತು. ಬಾಲವನ್ನು ಸಡಿಲಿಸಿ ಪಿ53ಯನ್ನು ಎಬ್ಬಿಸುವ ಔಷಧದ ಆಸೆಯೂ ಇದರ ಮೇಲೆ ಹುಟ್ಟಿತು.

ಪ್ರಯೋಗದಲ್ಲಿ ತಪ್ಪಿರಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲೂ ಅದೇ ಫಲಿತಾಂಶ ಬರುತ್ತಿತ್ತು. ಪ್ರಶ್ನೆ ಇದ್ದದ್ದು ಕೊಳವೆಯಲ್ಲಿ ನಡೆದದ್ದೇ ಕೋಶದಲ್ಲೂ ನಡೆಯುತ್ತದೆಯೇ ಎಂಬಲ್ಲಿ. ಕೊಳವೆಯಲ್ಲಿರುವುದು ಬೆತ್ತಲೆ ಡಿಎನ್‌ಎ, ಅದೂ ಇಪ್ಪತ್ತು ಚಿಲ್ಲರೆ ಅಕ್ಷರದ ತುಂಡು. ಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಈ ಸುತ್ತಿದ ರೂಪವೇ ಕ್ರೋಮ್ಯಾಟಿನ್. ಪಿ53ಯ ಗುರುತು ಅಕ್ಷರಗಳಲ್ಲಿ ಇದ್ದಮಾತ್ರಕ್ಕೆ ಪಿ53 ಅಲ್ಲಿಗೆ ಹೋಗಿ ಅಂಟಿದೆ ಎನ್ನಲಾಗದು. ಪಿ53ಯ ಆಯ್ಕೆಯಲ್ಲಿ ಸ್ವಲ್ಪ ಸಡಿಲವೂ ಇದೆ: ಹತ್ತರಲ್ಲಿ ಎಂಟು ಸ್ಥಾನಗಳಲ್ಲಿ ಎರಡೆರಡು ಅಕ್ಷರಗಳಿಗೆ ಅವಕಾಶವಿದೆ, ಎರಡು ಅರ್ಧಗಳ ನಡುವೆ ಸೊನ್ನೆಯಿಂದ ಹದಿಮೂರು ಅಕ್ಷರಗಳ ಅಂತರವೂ ಇರಬಹುದು. ಈ ನಿಯಮಕ್ಕೆ ಪೂರ್ತಿ ಒಪ್ಪುವ ಸಾಲು ಮುನ್ನೂರು ಕೋಟಿ ಅಕ್ಷರಗಳಲ್ಲಿ ಬರೀ ಆಕಸ್ಮಿಕವಾಗಿಯೇ ಸುಮಾರು ಎರಡೂವರೆ ಸಾವಿರ ಕಡೆ ಬರಬೇಕೆಂದು ಲೆಕ್ಕ ಹಾಕಬಹುದು. ಒಂದೆರಡು ಅಕ್ಷರ ಆಚೀಚೆಯಾದವನ್ನೂ ಸೇರಿಸಿದರೆ ಇದಕ್ಕೆ ಎಷ್ಟೋ ಪಟ್ಟು. ಅವುಗಳಲ್ಲಿ ಯಾವುದರಿಂದ ತುಂಡು ಮಾಡಿಸಿದರೂ ಜೆಲ್ಲಿನಲ್ಲಿ ಪಟ್ಟಿ ಬಂದೀತು. ಕೋಶದೊಳಗೆ ಪಿ53 ನಿಜಕ್ಕೂ ಎಲ್ಲಿ ಕೂತಿದೆ ಎಂದು ಜೆಲ್ ಹೇಳಲಾರದು.

ಅದನ್ನು ಕೇಳಲು ಕೋಶದೊಳಗೇ ಹೋಗಬೇಕು, ಪ್ರೋಟೀನ್ ಡಿಎನ್‌ಎಯನ್ನು ಹಿಡಿದಿರುವ ಕ್ಷಣದಲ್ಲೇ ಎರಡನ್ನೂ ಬೆಸೆದುಬಿಡಬೇಕು. ಅಮೆರಿಕದ ಡೇವಿಡ್ ಗಿಲ್ಮೂರ್ ಮತ್ತು ಜಾನ್ ಲಿಸ್ 1984ರಲ್ಲಿ ಅತಿನೇರಳೆ ಬೆಳಕಿನಿಂದ ಬ್ಯಾಕ್ಟೀರಿಯಾದಲ್ಲಿ ಹೀಗೆ ಬೆಸೆದರು. 1988ರಲ್ಲಿ ಮಾರ್ಕ್ ಸಾಲೊಮನ್, ಪಮೇಲಾ ಲಾರ್ಸೆನ್ ಮತ್ತು ಅಲೆಕ್ಸಾಂಡರ್ ವರ್ಷಾವ್‌ಸ್ಕಿ ಹಣ್ಣುನೊಣದ ಕೋಶಗಳಲ್ಲಿ ಫಾರ್ಮಾಲ್ಡಿಹೈಡ್ ಬಳಸಿದರು. ಶವಾಗಾರದಲ್ಲಿ ದೇಹ ಕೆಡದಂತೆ ಇಡಲು ಬಳಸುವ ಅದೇ ರಾಸಾಯನಿಕ. ಅದರ ಅಣು ತುಂಬ ಚಿಕ್ಕದು, ಕೋಶದೊಳಕ್ಕೆ ಕೂಡಲೇ ನುಗ್ಗುತ್ತದೆ, ಒತ್ತೊತ್ತಾಗಿ ಇರುವ ಅಣುಗಳನ್ನು ಮಾತ್ರ ಜೋಡಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ, ಬಿಸಿ ಮಾಡಿದರೆ ಆ ಬೆಸುಗೆ ಬಿಚ್ಚಿಕೊಳ್ಳುತ್ತದೆ. ಇವತ್ತಿನ ಚಿಪ್ ನಿಂತಿರುವುದು ಇದರ ಮೇಲೆ.

ಒಂದು ಕೋಟಿ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿಕೊಂಡಿದ್ದೀರಿ ಎನ್ನೋಣ. ಅರ್ಧಕ್ಕೆ ಡಿಎನ್‌ಎಯನ್ನು ಮುರಿಯುವ ಡಾಕ್ಸೊರುಬಿಸಿನ್ ಔಷಧ ಕೊಟ್ಟಿದ್ದೀರಿ, ಅರ್ಧಕ್ಕೆ ಇಲ್ಲ. ದ್ರವಕ್ಕೆ ಒಂದು ಶೇಕಡಾ ಆಗುವಷ್ಟು ಫಾರ್ಮಾಲ್ಡಿಹೈಡ್ ಸೇರಿಸಿ ಹತ್ತು ನಿಮಿಷ ಕಾಯುತ್ತೀರಿ. ಆಮೇಲೆ ಗ್ಲೈಸಿನ್ ಹಾಕಿದರೆ ಉಳಿದ ಫಾರ್ಮಾಲ್ಡಿಹೈಡನ್ನು ಅದು ನುಂಗಿಕೊಂಡು ಬೆಸುಗೆ ನಿಲ್ಲುತ್ತದೆ. ಹತ್ತು ನಿಮಿಷ ಎಂಬುದು ಸುಮ್ಮನೆ ಹೇಳಿದ್ದಲ್ಲ. ಕಡಿಮೆಯಾದರೆ ಬೆಸುಗೆ ಹಿಡಿಯದು. ಅರ್ಧ ಗಂಟೆ ಬಿಟ್ಟರೆ ಇಡೀ ಕೋಶಕೇಂದ್ರ ಗಟ್ಟಿ ಮುದ್ದೆಯಾಗಿ ಮುಂದಿನ ಹೆಜ್ಜೆಯಲ್ಲಿ ಒಡೆಯುವುದೇ ಇಲ್ಲ, ಪ್ರತಿಕಾಯಕ್ಕೆ ಬೇಕಾದ ಗುರುತೂ ಮುಚ್ಚಿಹೋಗಬಹುದು.

ಮುಂದಿನ ಹೆಜ್ಜೆ ಶಬ್ದದ ಕೆಲಸ. ಕೋಶಗಳನ್ನು ಒಡೆದು, ಕೊಳವೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ಕಿವಿಗೆ ಕೇಳದಷ್ಟು ಎತ್ತರದ ಶಬ್ದತರಂಗಗಳಿಂದ ಕ್ರೋಮ್ಯಾಟಿನನ್ನು ಚೂರು ಮಾಡುತ್ತಾರೆ. ಚೂರುಗಳು ಇನ್ನೂರರಿಂದ ಐನೂರು ಅಕ್ಷರಗಳಷ್ಟು ಇರಬೇಕು. ಚಿಪ್ ಕೈಕೊಡುವುದು ಬಹುಪಾಲು ಇಲ್ಲೇ. ಸ್ವಲ್ಪ ಭಾಗವನ್ನು ತೆಗೆದು ಬೆಸುಗೆ ಬಿಚ್ಚಿ ಮಾಮೂಲಿ ಜೆಲ್ಲಿನಲ್ಲಿ ಓಡಿಸಿ, ಚೂರುಗಳ ಅಳತೆ ನೋಡದೆ ಮುಂದುವರಿದರೆ ಆಮೇಲೆ ಬರುವ ಸಂಖ್ಯೆಗಳಿಗೆ ಅರ್ಥವಿರದು. ಚೂರುಗಳು ಎರಡು–ಮೂರು ಸಾವಿರ ಅಕ್ಷರಗಳಷ್ಟು ಉದ್ದ ಉಳಿದಿದ್ದರೆ, ಪಿ53 ದೂರದಲ್ಲೆಲ್ಲೋ ಕೂತಿದ್ದರೂ ಜೀನಿನ ಆರಂಭದಲ್ಲೇ ಕೂತಂತೆ ತೋರುತ್ತದೆ.

ಈಗ ಈ ಚೂರುಗಳ ಸಾರದಲ್ಲಿ ನೂರರಲ್ಲೊಂದು ಪಾಲನ್ನು ಹಾಗೇ ಎತ್ತಿಡುತ್ತಾರೆ. ಇದು ಇನ್‌ಪುಟ್, ಮುಂದಿನ ಅಳತೆಗೆಲ್ಲ ಇದೇ ಆಧಾರ. ಉಳಿದದ್ದಕ್ಕೆ ಪಿ53ಯ ಪ್ರತಿಕಾಯ ಹಾಕಿ ರಾತ್ರಿಯಿಡೀ ತಂಪಿನಲ್ಲಿ ನಿಧಾನವಾಗಿ ತಿರುಗಿಸುತ್ತಾರೆ. ಡಿಒ-1 ಎಂಬ ಪ್ರತಿಕಾಯ ಇದಕ್ಕೆ ತುಂಬ ಬಳಕೆಯಲ್ಲಿದೆ. ಅದು ಪಿ53ಯ ತಲೆಯ ಭಾಗವನ್ನು ಹಿಡಿಯುತ್ತದೆ, ಬಾಲವನ್ನು ಮುಟ್ಟುವುದಿಲ್ಲ. ಪ್ರತಿಕಾಯವನ್ನು ಹಿಡಿಯುವ ಪುಟ್ಟ ಕಾಂತೀಯ ಮಣಿಗಳನ್ನು ಹಾಕಿ, ಕೊಳವೆಯ ಪಕ್ಕಕ್ಕೆ ಅಯಸ್ಕಾಂತ ಇಟ್ಟರೆ ಮಣಿ, ಪ್ರತಿಕಾಯ, ಪಿ53, ಅದಕ್ಕೆ ಬೆಸೆದ ಡಿಎನ್‌ಎ, ಎಲ್ಲವೂ ಗೋಡೆಗೆ ಬಂದು ಕೂರುತ್ತವೆ. ಉಪ್ಪು ಹೆಚ್ಚುಕಡಿಮೆ ಮಾಡಿದ ದ್ರಾವಣಗಳಿಂದ ಹಲವು ಸಲ ತೊಳೆಯುತ್ತಾರೆ. ಕಡೆಗೆ 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಬೆಸುಗೆ ಬಿಚ್ಚಿ, ಪ್ರೋಟೀನನ್ನು ಕರಗಿಸಿ, ಡಿಎನ್‌ಎ ಮಾತ್ರ ಉಳಿಸಿಕೊಳ್ಳುತ್ತಾರೆ.

ಈ ಡಿಎನ್‌ಎಯಲ್ಲಿ ಪಿ21ರ ಆ ಜಾಗ ಎಷ್ಟಿದೆ ಎಂದು ಅಳೆಯುವುದು ಪಿಸಿಆರ್‌ನಿಂದ. ಕೋವಿಡ್ ಕಾಲದಿಂದ ಈ ಪದ ಎಲ್ಲರಿಗೂ ಪರಿಚಿತ. ಪ್ರತಿ ಸುತ್ತಿನಲ್ಲೂ ಡಿಎನ್‌ಎ ದುಪ್ಪಟ್ಟಾಗುತ್ತದೆ; ಎಷ್ಟು ಬೇಗನೆ ಸುತ್ತಿನಲ್ಲಿ ಹೊಳಪು ಮಿತಿ ದಾಟುತ್ತದೋ ಅಷ್ಟು ಹೆಚ್ಚು ಡಿಎನ್‌ಎ ಇತ್ತು ಎಂದರ್ಥ. ಅರ್ಥವಾಗಲೆಂದು ಕಲ್ಪಿತ ಸಂಖ್ಯೆಗಳಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಶೇಕಡಾ ಇನ್‌ಪುಟ್ 26ನೇ ಸುತ್ತಿನಲ್ಲಿ ಮಿತಿ ದಾಟಿತು. ಪಿ53 ಪ್ರತಿಕಾಯದ ಕೊಳವೆ 25ನೇ ಸುತ್ತಿನಲ್ಲೇ ದಾಟಿತು. ಒಂದು ಸುತ್ತು ಮುಂಚೆ ಎಂದರೆ ದುಪ್ಪಟ್ಟು; ಹಾಗಾದರೆ ಕೋಶಗಳಲ್ಲಿದ್ದ ಆ ಜಾಗದ ಡಿಎನ್‌ಎಯಲ್ಲಿ ಎರಡು ಶೇಕಡಾ ಪ್ರತಿಕಾಯದ ಜೊತೆ ಬಂದಿದೆ. ಯಾವುದನ್ನೂ ಗುರುತಿಸದ ಸಾಮಾನ್ಯ ಪ್ರತಿಕಾಯ ಹಾಕಿದ ಕೊಳವೆ 31ನೇ ಸುತ್ತಿಗೆ ದಾಟಿತು. ಇನ್‌ಪುಟ್‌ಗಿಂತ ಐದು ಸುತ್ತು ತಡ, ಅಂದರೆ ಅದರ ಮೂವತ್ತೆರಡನೇ ಒಂದು ಪಾಲು, ಸುಮಾರು 0.03 ಶೇಕಡಾ. ಇದು ಮಣಿಗಳಿಗೆ ಸುಮ್ಮನೆ ಮೆತ್ತಿಕೊಂಡು ಬರುವ ಕಸ. ನಮ್ಮ ಪಿ53ಯ ಸಂಖ್ಯೆ ಆ ಕಸಕ್ಕಿಂತ 64 ಪಟ್ಟು ಹೆಚ್ಚು.

ಎರಡು ಶೇಕಡಾ ಎಂದಾಗ ಎರಡು ಶೇಕಡಾ ಕೋಶಗಳಲ್ಲಷ್ಟೇ ಪಿ53 ಅಲ್ಲಿತ್ತು ಎಂದು ತಿಳಿಯಬಾರದು. ಬೆಸುಗೆ ಎಲ್ಲವನ್ನೂ ಹಿಡಿಯುವುದಿಲ್ಲ, ಪ್ರತಿಕಾಯವೂ ಎಲ್ಲವನ್ನೂ ಎತ್ತುವುದಿಲ್ಲ. ಈ ಸಂಖ್ಯೆಗೆ ಬೆಲೆ ಬರುವುದು ಹೋಲಿಕೆಯಲ್ಲಿ ಮಾತ್ರ: ಅದೇ ಕೊಳವೆಯಲ್ಲಿ ಪಿ53 ಕೂರದ ಇನ್ನೊಂದು ಜಾಗವನ್ನು ಅಳೆದಾಗ ಎಷ್ಟು ಬಂತು, ಪಿ53 ಇಲ್ಲವೇ ಇಲ್ಲದ ಕೋಶಗಳಲ್ಲಿ ಎಷ್ಟು ಬಂತು ಎಂಬುದರ ಜೊತೆ. ಎರಡನೆಯದು ಅತ್ಯಂತ ಕಟ್ಟುನಿಟ್ಟಾದ ಹೋಲಿಕೆ, ಮತ್ತು ಪಿ53 ಸಂಶೋಧಕರಿಗೆ ಅದು ಲಭ್ಯವಿದೆ. ಎಚ್‌ಸಿಟಿ116 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಪಿ53 ಜೀನನ್ನು ಅಳಿಸಿಹಾಕಿದ ಜೋಡಿ ತಳಿಯನ್ನು ಬರ್ಟ್ ವೋಗೆಲ್‌ಸ್ಟೈನ್ ಅವರ ತಂಡ 1998ರಲ್ಲಿ ಸಿದ್ಧಪಡಿಸಿತು. ಅಳಿಸಿದ ತಳಿಯಲ್ಲೂ ಪ್ರತಿಕಾಯ ಅಷ್ಟೇ ಡಿಎನ್‌ಎ ಎತ್ತಿದರೆ ಅದು ಎತ್ತುತ್ತಿರುವುದು ಪಿ53ಯನ್ನಲ್ಲ.

2002ರಲ್ಲಿ ಸ್ವಿಟ್ಜರ್‌ಲೆಂಡಿನ ಮತಿಯಾಸ್ ಕೇಸರ್ ಮತ್ತು ರಿಚರ್ಡ್ ಇಗ್ಗೊ ಇದೇ ಬಗೆಯ ಚಿಪ್‌ನಿಂದ ಸುಪ್ತ ಪಿ53ಯ ವಾದವನ್ನು ಪರೀಕ್ಷಿಸಿದರು. ವಾದ ನಿಜವಾಗಿದ್ದರೆ, ಹಾನಿಗೊಳಗಾಗದ ಕೋಶಗಳಲ್ಲಿ ಪಿ53 ಇದ್ದರೂ ಅದು ಡಿಎನ್‌ಎಗೆ ಅಂಟಿರಬಾರದು, ಹಾನಿಯಾದ ಮೇಲೆ ಪ್ರತಿಯೊಂದು ಪಿ53ಯ ಅಂಟುವ ಶಕ್ತಿಯೂ ಏರಬೇಕು. ಕಂಡದ್ದು ಬೇರೆ. ಡಿಎನ್‌ಎಗೆ ಅಂಟಿದ ಪಿ53 ಎಷ್ಟೆಂಬುದು ಕೋಶಕೇಂದ್ರದಲ್ಲಿ ಪಿ53 ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಹಾನಿಯಾದಾಗ ಬದಲಾಗುವುದು ಮುಖ್ಯವಾಗಿ ಪಿ53ಯ ಪ್ರಮಾಣ. ಮಾಮೂಲಿ ಕೋಶದಲ್ಲಿ ಎಂಡಿಎಂ2 ಎಂಬ ಪ್ರೋಟೀನ್ ಪಿ53ಯನ್ನು ಹುಟ್ಟಿದ ಹಾಗೇ ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಹಾನಿಯಾದಾಗ ಆ ನಾಶ ನಿಂತು ಪಿ53 ಶೇಖರವಾಗುತ್ತದೆ.

ಹಾಗಾದರೆ ಜೆಲ್ಲಿನಲ್ಲಿ ಕಂಡ ಸುಪ್ತ ಸ್ಥಿತಿ ಏನಾಗಿತ್ತು? ಇಲ್ಲಿ ಆ ಅರ್ಥವಿಲ್ಲದ ಡಿಎನ್‌ಎಗೆ ಮರಳಬೇಕು. ಪಿ53ಯ ಬಾಲದಲ್ಲಿ ಧನ ವಿದ್ಯುದಂಶ ತುಂಬಿದೆ. ಅದು ಅಕ್ಷರ ನೋಡದೆ ಯಾವ ಡಿಎನ್‌ಎಗಾದರೂ ಅಂಟುತ್ತದೆ. ಪ್ರೋಟೀನಿನ ನಡುಭಾಗ ಮಾತ್ರ ಅಕ್ಷರ ಓದುವುದು. ಕೊಳವೆಯಲ್ಲಿ ಗುರುತು ಹಚ್ಚಿದ ಪುಟ್ಟ ತುಂಡು ಕೊಂಚ, ಉದ್ದುದ್ದನೆಯ ಬೇರೆ ಡಿಎನ್‌ಎ ರಾಶಿ. ಬಾಲ ಆ ರಾಶಿಗೆ ಅಂಟಿ ಇಡೀ ಪ್ರೋಟೀನನ್ನು ಅತ್ತ ಎಳೆದೊಯ್ಯುತ್ತಿತ್ತು. ಬಾಲಕ್ಕೆ ಪ್ರತಿಕಾಯ ಮುಚ್ಚಿದರೆ, ಅಥವಾ ಬಾಲವನ್ನೇ ಕತ್ತರಿಸಿದರೆ, ಎಳೆತ ನಿಂತು ನಡುಭಾಗ ತನ್ನ ಅಕ್ಷರಗಳಿಗೆ ಅಂಟುತ್ತಿತ್ತು. 1997ರ ಹೊತ್ತಿಗೇ ಪೀಟರ್ ಟೆಗ್ಟ್‌ಮೇಯರ್ ಅವರಿದ್ದ ತಂಡ, ಬಾಲ ಮತ್ತು ನಡುಭಾಗ ಹೀಗೆ ಡಿಎನ್‌ಎಗಾಗಿ ಒಂದಕ್ಕೊಂದು ಅಡ್ಡಬರುತ್ತವೆ ಎಂದು ತೋರಿಸಿತ್ತು. ಸುಪ್ತ ಎನಿಸಿಕೊಂಡ ಪಿ53ಗೂ ಎಚ್ಚೆತ್ತ ಪಿ53ಗೂ ರಚನೆಯಲ್ಲಿ ವ್ಯತ್ಯಾಸವಿಲ್ಲವೆಂದು 2001ರಲ್ಲಿ ಇನ್ನೊಂದು ತಂಡ ಕಂಡುಕೊಂಡಿತು. 2004ರಲ್ಲಿ ಕ್ಯಾರಲ್ ಪ್ರೈವ್ಸ್ ಅವರ ತಂಡದ ಕೆಲಸದಿಂದ ಚಿತ್ರ ಪೂರ್ತಿ ತಿರುಗಿತು: ಪಿ53 ಉದ್ದನೆಯ ಡಿಎನ್‌ಎಯ ಮೇಲೆ ಜಾರುತ್ತ ತನ್ನ ಗುರುತನ್ನು ಹುಡುಕಲು ಅದೇ ಬಾಲ ಬೇಕು. ಇಪ್ಪತ್ತಾರು ಅಕ್ಷರದ ತುಂಡಿನಲ್ಲಿ ಜಾರಲು ಜಾಗವೇ ಇಲ್ಲ. ಹಾಗಾಗಿ ಬಾಲದ ಉಪಕಾರ ಆ ಜೆಲ್ಲಿನಲ್ಲಿ ಕಾಣಲಾರದು, ಉಪಟಳ ಮಾತ್ರ ಕಂಡಿತು.

ಇಷ್ಟು ಹೇಳಿದ ಮೇಲೆ ಚಿಪ್ ಎಲ್ಲದಕ್ಕೂ ಉತ್ತರ ಎಂದು ಭಾವಿಸುವುದು ಸುಲಭ. ಅದಕ್ಕೂ ಎರಡು ದೊಡ್ಡ ಮಿತಿಗಳಿವೆ. ಮೊದಲನೆಯದು ಚೂರಿನ ಉದ್ದ. ಮುನ್ನೂರು ಅಕ್ಷರದ ಚೂರು ಮೇಲೆದ್ದು ಬಂದರೆ, ಅದರಲ್ಲಿ ಯಾವ ಇಪ್ಪತ್ತಕ್ಕೆ ಪಿ53 ಅಂಟಿತ್ತು ಎಂದು ತಿಳಿಯದು. ಅಷ್ಟೇಕೆ, ಪಿ53 ಡಿಎನ್‌ಎಯನ್ನು ಮುಟ್ಟಿರಲೇಬೇಕು ಎಂದೂ ಇಲ್ಲ. ಫಾರ್ಮಾಲ್ಡಿಹೈಡ್ ಪ್ರೋಟೀನನ್ನು ಪ್ರೋಟೀನಿಗೂ ಬೆಸೆಯುತ್ತದೆ. ಡಿಎನ್‌ಎಯನ್ನು ಹಿಡಿದದ್ದು ಬೇರೊಂದು ಪ್ರೋಟೀನ್, ಪಿ53 ಅದಕ್ಕೆ ಜೋತುಬಿದ್ದಿತ್ತು ಎಂದಾದರೂ ಫಲಿತಾಂಶ ಒಂದೇ ಥರ ಕಾಣುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ತುಂಬ ಚುರುಕಾಗಿ ಓದಲ್ಪಡುತ್ತಿರುವ ಜೀನ್‌ಗಳ ಡಿಎನ್‌ಎ ಬಿಚ್ಚಿಕೊಂಡಿರುತ್ತದೆ, ಅಲ್ಲಿ ಸಂಬಂಧವಿಲ್ಲದ ಪ್ರೋಟೀನ್‌ಗಳೂ ಬೆಸೆದುಕೊಳ್ಳುತ್ತವೆ. 2013ರಲ್ಲಿ ಯೀಸ್ಟ್ ಕೋಶಗಳಲ್ಲಿ ಇದನ್ನು ಬಲು ನೇರವಾಗಿ ತೋರಿಸಿದರು: ಜೆಲ್ಲಿಫಿಶ್‌ನಿಂದ ಬಂದ, ಯೀಸ್ಟಿನ ಡಿಎನ್‌ಎಯಲ್ಲಿ ಯಾವ ಕೆಲಸವೂ ಇಲ್ಲದ ಹಸಿರು ಹೊಳೆಯುವ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸಿ ಚಿಪ್ ಮಾಡಿದಾಗ, ಅದೂ ಚುರುಕಾದ ಜೀನ್‌ಗಳ ಮೇಲೆ ಕೂತಂತೆ ಕಂಡಿತು. ಸಾಮಾನ್ಯ ಪ್ರತಿಕಾಯದ ಕೊಳವೆ ಈ ಮೋಸವನ್ನು ಹಿಡಿಯಲಾರದು. ಪಿ53 ಅಳಿಸಿದ ಕೋಶ, ಅಥವಾ ಇಂಥ ಹಸಿರು ಪ್ರೋಟೀನಿನ ಹೋಲಿಕೆ, ಬೇಕೇ ಬೇಕು. ಪಿಸಿಆರ್ ಬದಲು ಎತ್ತಿದ ಡಿಎನ್‌ಎಯನ್ನೆಲ್ಲ ಓದಿಬಿಡುವ ಹೊಸ ವಿಧಾನ 2007ರಿಂದ ಬಂದಿದೆ, ಇಡೀ ಜೀನೋಮಿನಲ್ಲಿ ಸಾವಿರಾರು ಜಾಗಗಳನ್ನು ಒಮ್ಮೆಗೇ ತೋರಿಸುತ್ತದೆ. ಆದರೆ ಈ ಕಸವನ್ನೂ ಅಷ್ಟೇ ವಿಸ್ತಾರವಾಗಿ ತೋರಿಸುತ್ತದೆ.

ಚಿಪ್ ಹೇಳಲಾರದ ಇಪ್ಪತ್ತು ಅಕ್ಷರಗಳನ್ನು ಹೇಳುವುದು ಮತ್ತೆ ಜೆಲ್ಲೇ. ಮುನ್ನೂರು ಅಕ್ಷರದ ಚೂರಿನಲ್ಲಿ ಸಿಗುವ ಗುರುತುಗಳನ್ನು ಒಂದೊಂದಾಗಿ ತುಂಡು ಮಾಡಿಸಿ, ಒಂದೊಂದಕ್ಕೂ ಕೆಟ್ಟ ಅಕ್ಷರದ ಜೋಡಿ ತಯಾರಿಸಿ, ಶುದ್ಧ ಪಿ53ಯ ಜೊತೆ ಓಡಿಸಿ ನೋಡಬಹುದು. ಬೇರೆ ಪ್ರೋಟೀನ್ ಇಲ್ಲದ ಕೊಳವೆಯಲ್ಲಿ ಪಟ್ಟಿ ಬಂದರೆ ನೇರ ಹಿಡಿತ ಖಚಿತ. ಪಿ21ರ ಮೇಲ್ಭಾಗದಲ್ಲಿ ಪಿ53ಯ ಗುರುತು ಒಂದಲ್ಲ, ಜೀನಿಗೆ ಇನ್ನೂ ಹತ್ತಿರದಲ್ಲಿ ಮತ್ತೊಂದಿದೆ. ನಾವು ಆರಂಭದಲ್ಲಿ ಓದಿದ್ದು ದೂರದ, ಹೆಚ್ಚು ಗಟ್ಟಿಯಾದ ಗುರುತು. ಇವೆರಡರ ನಡುವೆ ಎಂಟುನೂರೋ ಒಂಬೈನೂರೋ ಅಕ್ಷರಗಳ ಅಂತರವಿರುವುದರಿಂದ ಚೂರುಗಳು ಸಾಕಷ್ಟು ಚಿಕ್ಕದಾಗಿದ್ದರೆ ಮಾತ್ರ ಚಿಪ್ ಅವನ್ನು ಬೇರೆ ಬೇರೆಯಾಗಿ ಅಳೆಯಬಲ್ಲದು.

ಈಗ ಕ್ರಿಸ್ಪರ್ ಬಂದ ಮೇಲೆ ಎರಡು ಪರೀಕ್ಷೆಗಳನ್ನೂ ಒಂದೇ ಪ್ರಯೋಗದಲ್ಲಿ ಕೂಡಿಸಲು ಸಾಧ್ಯವಾಗಿದೆ. ಜೆಲ್ಲಿನಲ್ಲಿ ಪಿ53ಯ ಹಿಡಿತ ತಪ್ಪಿಸಿದ ಅವೇ ನಾಲ್ಕು ಅಕ್ಷರಗಳನ್ನು ಜೀವಂತ ಕೋಶದ ಕ್ರೋಮೋಸೋಮಿನಲ್ಲೇ ಬದಲಿಸಿ, ಕೋಶದ ಉಳಿದ ಪಿ53 ಗುರುತುಗಳನ್ನೆಲ್ಲ ಹಾಗೇ ಬಿಟ್ಟು, ಡಾಕ್ಸೊರುಬಿಸಿನ್ ಕೊಟ್ಟು ಚಿಪ್ ಮಾಡಬಹುದು. ಪಿ21ರ ಆ ಜಾಗದಲ್ಲಿ ಸಂಖ್ಯೆ ಕಸದ ಮಟ್ಟಕ್ಕೆ ಇಳಿಯಬೇಕು. ಅದೇ ಕೊಳವೆಯಲ್ಲಿ ಎಂಡಿಎಂ2 ಜೀನಿನ ಗುರುತಿನ ಬಳಿ ಸಂಖ್ಯೆ ಮೊದಲಿನಷ್ಟೇ ಇರಬೇಕು. ಎರಡೂ ಇಳಿದರೆ ಚಿಪ್ ಕೆಟ್ಟಿದೆ. ಒಂದೂ ಇಳಿಯದಿದ್ದರೆ ಪಿ53 ಅಲ್ಲಿಗೆ ಬರುತ್ತಿರುವುದು ಆ ಇಪ್ಪತ್ತು ಅಕ್ಷರಗಳ ದೆಸೆಯಿಂದಲ್ಲ.